ಬ್ಯಾಂಕಿಗೆ ಬರೆದ ದೂರಿನ ಪತ್ರ ಜಾಸ್ತಿ ಖಾರವಾಯ್ತಾ? ಸ್ವಲ್ಪ ತಿದ್ದಿಕೊಡಿ

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಎಟಿಎಂನಲ್ಲಿ ಹತ್ತು ಸಾವಿರ ತೆಗೆಯಲು ಹೋಗಿದ್ದೆ. ಒಳಗೆ ನೋಟು ಎಣಿಸುವ ಸದ್ದು ಕೇಳಿಸಿತು. ಆದರೆ ನೋಟು ಬರುವ ಬಾಗಿಲು ತೆರೆಯಲೇ ಇಲ್ಲ. ಖಾತೆಯಿಂದ ಮಾತ್ರ ಹಣ ಹೋಯಿತು. ಶಾಖೆಯಲ್ಲಿ ಕೇಳಿದೆ. "ತಾನಾಗಿಯೇ ವಾಪಸ್ ಬರುತ್ತೆ, ಕಾಯಿರಿ" ಅಂದರು. ಬರಲಿಲ್ಲ. ಇಮೇಲ್‌ನಲ್ಲಿ ದೂರು ಕೊಟ್ಟೆ. "ವ್ಯವಹಾರ ಯಶಸ್ವಿಯಾಗಿದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ" ಅಂತ ಉತ್ತರ ಬಂತು. ಅಷ್ಟೇ, ಮುಂದೇನೂ ಇಲ್ಲ.

ಆಮೇಲೆ ಈ ಪತ್ರ ಬರೆದೆ. ಇನ್ನೂ ಕಳಿಸಿಲ್ಲ. ನಮ್ಮ ಮನೆಯವರು ಓದಿ "ಇದೇನು ಪತ್ರವೋ, ಕೋರ್ಟ್ ನೋಟಿಸೋ" ಅಂತ ನಕ್ಕರು. ಮರ್ಯಾದೆಯಾಗಿ ಇರಬೇಕು, ಆದರೆ ಬಗ್ಗಿದ ಹಾಗೆ ಕಾಣಬಾರದು. ಹೇಗೆ ತಿದ್ದಲಿ?

> ವಿಷಯ: ನಿಮ್ಮ ಬ್ಯಾಂಕಿನ ಮೋಸದ ಬಗ್ಗೆ ಕಟ್ಟಕಡೆಯ ಎಚ್ಚರಿಕೆ
>
> ಮಾನ್ಯರೇ,
>
> ನನ್ನ ಹಣವನ್ನು ನುಂಗಿ ನೀರು ಕುಡಿದು ಕೂತಿದ್ದೀರಿ. ಎಷ್ಟು ಸಲ ಹೇಳಿದರೂ ನಿಮ್ಮ ಸಿಬ್ಬಂದಿಯ ಕಿವಿಗೆ ಬೀಳುವುದಿಲ್ಲ. ಈಗ ವ್ಯವಹಾರ ಯಶಸ್ವಿಯಾಗಿದೆ ಎಂದು ಹಸಿ ಸುಳ್ಳು ಹೇಳಿ ದೂರನ್ನು ಮುಚ್ಚಿರುತ್ತೀರಿ. ಯಂತ್ರದೊಳಗೆ ಉಳಿದ ಹಣವನ್ನು ನಿಮ್ಮವರೇ ಹಂಚಿಕೊಂಡಿರುವ ಅನುಮಾನವಿರುತ್ತದೆ. ಸದರಿ ಮೊತ್ತವನ್ನು ಈ ಪತ್ರ ತಲುಪಿದ ಕೂಡಲೇ ಹಿಂತಿರುಗಿಸತಕ್ಕದ್ದು. ತಪ್ಪಿದಲ್ಲಿ ಮುಂದೆ ಉಂಟಾಗುವ ಸಕಲ ಪರಿಣಾಮಗಳಿಗೆ ತಾವೇ ಹೊಣೆಗಾರರು ಎಂದು ಈ ಮೂಲಕ ಎಚ್ಚರಿಸಲಾಗಿದೆ.

ನೇರನುಡಿ

ಒಂದಕ್ಷರ ಬದಲಿಸಬೇಡಿ ಅಕ್ಕಾ. ಬ್ಯಾಂಕಿನವರಿಗೆ ಮೆತ್ತಗೆ ಹೇಳಿದರೆ ತಲೆಗೆ ಹತ್ತೋದಿಲ್ಲ. ಇದನ್ನೇ ಚೇರ್ಮನ್‌ಗೆ, ಪೊಲೀಸರಿಗೆ, ಪತ್ರಿಕೆಯವರಿಗೆ, ಎಲ್ಲರಿಗೂ ಒಂದೊಂದು ಪ್ರತಿ ಕಳಿಸಿ. ಶಾಖೆಗೆ ಕೈಯಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಬಾಯಿಮಾತು ನಂಬಲೇಬೇಡಿ.

ಪದಬಂಧ

ಅಯ್ಯೋ, ಬೇಡ. ಇದನ್ನು ಓದಿದವರು ಮೊದಲು ಮುಖ ಗಂಟು ಹಾಕಿಕೊಳ್ಳುತ್ತಾರೆ. ನಾನು ಹೀಗೆ ಬರೆಯುತ್ತಿದ್ದೆ:

> ಪೂಜ್ಯರೇ, ತಮ್ಮ ಅಮೂಲ್ಯ ಸಮಯಕ್ಕೆ ಭಂಗ ತರುತ್ತಿರುವುದಕ್ಕೆ ಕ್ಷಮೆ ಇರಲಿ. ತಾವು ದಯಮಾಡಿ ನನ್ನ ಪುಟ್ಟ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸಾಧ್ಯವಾದಲ್ಲಿ ಹಣ ದೊರಕಿಸಿಕೊಟ್ಟು ಉಪಕರಿಸಬೇಕಾಗಿ ವಿನಂತಿ.

ನೇರನುಡಿ

ಪೂಜ್ಯರೇ?! ಅವರ ದುಡ್ಡನ್ನು ಸಾಲ ಕೇಳ್ತಾ ಇದ್ದೀವಾ ನಾವು?

ಹಳೇಕೌಂಟರ್

ನಾನು ಬ್ಯಾಂಕಿನ ದೂರು ವಿಭಾಗದಲ್ಲಿ ಬಹಳ ವರ್ಷ ಕೂತವನು. ಈಗ ನಿವೃತ್ತ. ಇಬ್ಬರ ಪತ್ರವೂ ನಮ್ಮ ಮೇಜಿಗೆ ಬರುತ್ತಿತ್ತು. ನಿಜ ಹೇಳಬೇಕೆಂದರೆ ಎರಡಕ್ಕೂ ಒಂದೇ ಗತಿ. ಯಾಕೆಂದರೆ ಎರಡರಲ್ಲೂ ನಾವು ಹುಡುಕಬೇಕಾದ ವಿಷಯವೇ ಇಲ್ಲ. ಯಾವ ದಿನ, ಯಾವ ಯಂತ್ರ, ಹಿಂದಿನ ದೂರಿನ ಸಂಖ್ಯೆ ಏನು, ಒಂದೂ ಇಲ್ಲ.

ಸಂಜೆಮಲ್ಲಿಗೆಯವರೇ, ತಿದ್ದುವ ಮೊದಲು ಒಂದೆರಡು ವಿಷಯ ಹೇಳಿ. ಯಂತ್ರ ನಿಮ್ಮ ಬ್ಯಾಂಕಿನದೇ, ಬೇರೆಯವರದೇ? ಚೀಟಿ ಬಂತಾ? ನಿಮ್ಮ ನಂತರ ಯಾರಾದರೂ ಹಣ ತೆಗೆದರಾ? ನೀವು ಎಷ್ಟು ಹೊತ್ತು ಅಲ್ಲೇ ನಿಂತಿದ್ದಿರಿ?

ಸಂಜೆಮಲ್ಲಿಗೆ

ಬೇರೆ ಬ್ಯಾಂಕಿನ ಯಂತ್ರ ಸರ್. ಮಾರ್ಚ್ 3, ಸಂಜೆ 7.42ಕ್ಕೆ ಕಡಿತದ ಮೆಸೇಜ್ ಬಂದಿದೆ. ಚೀಟಿ ಬರಲಿಲ್ಲ. ಪರದೆ ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಮೊದಲಿನ ಪುಟಕ್ಕೆ ಹೋಯಿತು. ನನ್ನ ಹಿಂದೆ ಒಬ್ಬರು ಇದ್ದರು. ಅವರಿಗೆ ಹಣ ಬಂತು. ಅವರು ಹೋದ ಮೇಲೂ ಐದು ನಿಮಿಷ ನಿಂತಿದ್ದೆ. ಯಂತ್ರದ ಮೇಲಿನ ನಂಬರ್ ಫೋಟೊ ಇದೆ.

ಹಳೇಕೌಂಟರ್

ನಂಬರ್ ಇದೆಯಲ್ಲ, ಅರ್ಧ ಕೆಲಸ ಆಯಿತು.

ಈಗ "ಯಶಸ್ವಿ" ಅಂತ ಯಾಕೆ ಬಂತು ನೋಡೋಣ. ನಿಮ್ಮ ಬ್ಯಾಂಕಿಗೆ ಆ ಯಂತ್ರದ ಒಳಗು ಕಾಣುವುದಿಲ್ಲ. ಯಂತ್ರ "ಹಣ ಕೊಟ್ಟೆ" ಅಂತ ಕಳಿಸಿದ ಸಂದೇಶ ಮಾತ್ರ ಕಾಣುತ್ತದೆ. ಮೊದಲ ಹಂತದಲ್ಲಿ ಕೂತವರು ಪರದೆಯಲ್ಲಿ ಅದನ್ನು ನೋಡುತ್ತಾರೆ, ಸಿದ್ಧ ಉತ್ತರ ಒತ್ತುತ್ತಾರೆ, ದೂರು ಮುಚ್ಚುತ್ತಾರೆ. ಅವರು ಸುಳ್ಳು ಹೇಳಿಲ್ಲ. ಪರದೆ ಹೇಳಿದ್ದನ್ನು ಹೇಳಿದ್ದಾರೆ. ನಿಮ್ಮ ಪತ್ರದ ಕೆಲಸ ಒಂದೇ. ದೂರನ್ನು ಆ ಪರದೆ ದಾಟಿಸಿ, ಯಂತ್ರದ ದಾಖಲೆ ತರಿಸುವವರ ಮೇಜಿಗೆ ತಲುಪಿಸಬೇಕು.

ಸಾಕ್ಷಿ ಇರುವುದು ಯಂತ್ರದ ಬ್ಯಾಂಕಿನ ಹತ್ತಿರ. ಯಂತ್ರ ಪ್ರತಿ ವ್ಯವಹಾರವನ್ನೂ ಹೆಜ್ಜೆ ಹೆಜ್ಜೆಯಾಗಿ ಬರೆದಿಡುತ್ತದೆ. ಅದಕ್ಕೆ ಜರ್ನಲ್ ಲಾಗ್ ಅನ್ನುತ್ತೇವೆ. ನೋಟು ಎಣಿಸಿತೇ, ಬಾಗಿಲು ತೆರೆಯಿತೇ, ಏನಾದರೂ ದೋಷ ಬಂತೇ ಎಂಬುದು ಅಲ್ಲಿ ಸಿಗುತ್ತದೆ. ಎರಡನೆಯದು, ಯಂತ್ರಕ್ಕೆ ಹಣ ತುಂಬುವಾಗ ಮಾಡುವ ನಗದು ತಾಳೆ. ನಿಮ್ಮ ನೋಟು ಒಳಗೇ ಉಳಿದಿದ್ದರೆ ಅಲ್ಲಿ ಹೆಚ್ಚುವರಿ ಕಾಣಬೇಕು. ಎಣಿಸುವಾಗ ಸಿಕ್ಕಿಕೊಂಡ ನೋಟುಗಳು ಬೀಳುವ ಪೆಟ್ಟಿಗೆಯೊಂದು ಬೇರೆಯೇ ಇರುತ್ತದೆ. ನಿಮ್ಮ ಹತ್ತು ಸಾವಿರ ಅಲ್ಲಿರುವ ಸಾಧ್ಯತೆ ಜಾಸ್ತಿ. ಮೂರನೆಯದು ಕ್ಯಾಮೆರಾ. ಅದರ ದೃಶ್ಯ ಕಾಯಂ ಇರುವುದಿಲ್ಲ. ಹಳೆಯದರ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ. ಹಾಗಾಗಿ ಅದನ್ನು ಉಳಿಸಿಡಲು ಇವತ್ತೇ ಬರೆದು ಕೇಳಿ. ಉಳಿದದ್ದು ನಾಳೆಗಾದರೂ ನಡೆಯುತ್ತದೆ.

ಗುಂಡುಸೂಜಿ

ಒಂದು ಅನುಮಾನ. ತಾಳೆಯಲ್ಲಿ ಹೆಚ್ಚುವರಿ ಕಾಣದಿದ್ದರೆ? ಆಗ ಇವರೇ ಸುಳ್ಳು ಹೇಳಿದ ಹಾಗೆ ಆಗಲ್ವಾ?

ಹಳೇಕೌಂಟರ್

ಹಾಗೇನಿಲ್ಲ. ಅದೇ ಅವಧಿಯಲ್ಲಿ ಇನ್ನೊಬ್ಬರಿಗೆ ಯಂತ್ರ ಜಾಸ್ತಿ ಕೊಟ್ಟಿದ್ದರೆ ಎರಡೂ ಸೇರಿ ಲೆಕ್ಕ ಸರಿಹೋಗಿಬಿಡುತ್ತದೆ. ತಾಳೆ ಒಳ್ಳೆಯ ಸಾಕ್ಷಿ, ಆದರೆ ಪೂರ್ತಿ ಸಾಕ್ಷಿ ಅಲ್ಲ. ಅದಕ್ಕೇ ಮೂರನ್ನೂ ಕೇಳಬೇಕು.

ತುಂತುರು

ನನಗೂ ಇದೇ ಆಗಿದೆ. ತಂಗಿಗೆ ಕಳಿಸಬೇಕಾದ ಹಣ ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಾಗಿ ಬೇರೆ ಯಾರಿಗೋ ಹೋಗಿದೆ. ಬ್ಯಾಂಕಿನವರು ಕೈ ಎತ್ತಿದ್ದಾರೆ. ನಾನೂ ಇದೇ ಪತ್ರ ಹಾಕಬಹುದಾ? ಹೆಸರು ಮಾತ್ರ ಬದಲಿಸಿ?

ಹಳೇಕೌಂಟರ್

ಇದು ಬೇರೆ ವಿಷಯ ತಂಗಿ. ಅವರ ಕೇಸಿನಲ್ಲಿ ಬ್ಯಾಂಕು ಹಣ ಕೊಡಬೇಕಿತ್ತು, ಕೊಟ್ಟಿಲ್ಲ. ನಿಮ್ಮ ಕೇಸಿನಲ್ಲಿ ನೀವು ಹೇಳಿದ ಖಾತೆಗೇ ಬ್ಯಾಂಕು ಕಳಿಸಿದೆ. ಪಡೆದವರ ಒಪ್ಪಿಗೆ ಇಲ್ಲದೆ ಅವರ ಖಾತೆಯಿಂದ ಹಣ ತೆಗೆಯಲು ಬ್ಯಾಂಕಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಅಲ್ಲಿ "ಹಿಂತಿರುಗಿಸಿ" ಅಂತ ಬರೆದರೆ ಉಪಯೋಗ ಇಲ್ಲ. "ಆ ಖಾತೆಯವರನ್ನು ಅವರ ಬ್ಯಾಂಕಿನ ಮೂಲಕ ಸಂಪರ್ಕಿಸಿ, ಅವರ ಉತ್ತರ ನನಗೆ ಲಿಖಿತವಾಗಿ ತಿಳಿಸಿ" ಅಂತ ಕೇಳಿ. ಬೇಗ ಕೇಳಿ. ಅವರು ಆ ಹಣ ಖರ್ಚು ಮಾಡಿಬಿಟ್ಟರೆ ಕಷ್ಟ.

ತುಂತುರು

ಓ ಸರಿ ಸರ್. ನಾಳೆನೇ ಹೋಗ್ತೀನಿ.

ಹಳೇಕೌಂಟರ್

ಈಗ ಪತ್ರಕ್ಕೆ ಬರೋಣ. ಶುರುವಿನಿಂದಲೇ.

ವಿಷಯದ ಸಾಲಿನಲ್ಲಿ "ಮೋಸ" ಅಂತಿದೆ. ದೂರು ಬಂದ ಕೂಡಲೇ ಅದನ್ನು ಯಾವ ವಿಭಾಗಕ್ಕೆ ಕಳಿಸಬೇಕು ಅಂತ ಒಬ್ಬರು ನಿರ್ಧರಿಸುತ್ತಾರೆ. ಅವರು ಓದುವುದು ಹೆಚ್ಚಾಗಿ ಆ ಸಾಲನ್ನು ಮಾತ್ರ. ಮೋಸ ಎಂದರೆ ಕಾರ್ಡ್ ವಂಚನೆಯ ವಿಭಾಗಕ್ಕೆ ಹೋಗುತ್ತದೆ. ಅವರು ಕಾರ್ಡ್ ಬ್ಲಾಕ್ ಮಾಡಿ, ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆ. ನಿಮ್ಮದು ಅದಲ್ಲವಲ್ಲ. ಅಲ್ಲಿಂದ ಸರಿಯಾದ ಜಾಗಕ್ಕೆ ವಾಪಸ್ ಬರುವಷ್ಟರಲ್ಲಿ ಕ್ಯಾಮೆರಾ ದೃಶ್ಯ ಅಳಿದಿರುತ್ತದೆ.

"ನಿಮ್ಮವರೇ ಹಂಚಿಕೊಂಡಿರುವ ಅನುಮಾನ" ಎಂಬ ಸಾಲು ಪೂರ್ತಿ ತೆಗೆಯಿರಿ. ಮರ್ಯಾದೆಯ ಪ್ರಶ್ನೆ ಒತ್ತಟ್ಟಿಗಿರಲಿ. ಅದು ನೀವು ಕಂಡದ್ದಲ್ಲ, ಊಹೆ. ಪತ್ರದಲ್ಲಿ ಒಂದು ಊಹೆ ಇದ್ದರೆ ಉತ್ತರ ಬರೆಯುವವರು ಅದನ್ನೇ ಹಿಡಿದುಕೊಳ್ಳುತ್ತಾರೆ. "ನಮ್ಮ ಸಿಬ್ಬಂದಿಯ ಮೇಲಿನ ಆರೋಪ ನಿರಾಧಾರ" ಅಂತ ಎರಡು ಪ್ಯಾರಾ ಬರುತ್ತದೆ. ಹಣದ ವಿಷಯಕ್ಕೆ ಒಂದು ಸಾಲೂ ಬರುವುದಿಲ್ಲ. ನಾನೇ ಎಷ್ಟೋ ಸಲ ಅಂಥ ಉತ್ತರಕ್ಕೆ ಸಹಿ ಹಾಕಿದ್ದೇನೆ.

ಅದರ ಜಾಗದಲ್ಲಿ ಕಂಡದ್ದನ್ನು, ಕೇಳಿದ್ದನ್ನು ಬರೆಯಿರಿ. ಸದ್ದು ಕೇಳಿಸಿತು, ಬಾಗಿಲು ತೆರೆಯಲಿಲ್ಲ, ಚೀಟಿ ಬರಲಿಲ್ಲ, ಹಿಂದಿದ್ದವರಿಗೆ ಹಣ ಬಂತು. ಅಷ್ಟು ಸಾಕು. ಲಾಗ್ ಓದುವವರಿಗೆ ಆ ಕೊನೆಯ ಮಾತು ಬಹಳ ಮುಖ್ಯ. ಮುಂದಿನ ವ್ಯವಹಾರ ನಡೆದಿದೆ ಅಂದರೆ ಯಂತ್ರ ಪೂರ್ತಿ ಕೆಟ್ಟಿರಲಿಲ್ಲ. ನಿಮ್ಮ ನೋಟು ಎಲ್ಲೋ ಸಿಕ್ಕಿ ಆ ಪೆಟ್ಟಿಗೆಗೆ ಬಿದ್ದಿರಬಹುದು ಅನ್ನುವುದು ಅವರಿಗೆ ಗೊತ್ತಾಗುತ್ತದೆ.

ಪದಬಂಧ

ಇದು ಒಪ್ಪುವ ಮಾತು. ಭಾಷೆಯ ಕಡೆಯಿಂದ ನನ್ನದೊಂದು ಸೇರಿಸಿ. "ಹಿಂತಿರುಗಿಸತಕ್ಕದ್ದು", "ಎಚ್ಚರಿಸಲಾಗಿದೆ" ಇದೆಲ್ಲ ಸರ್ಕಾರಿ ಆದೇಶದ ಧಾಟಿ. ಓದಿದರೆ ಯಾರೋ ಮೇಲಿನಿಂದ ಮಾತಾಡಿದ ಹಾಗೆ ಇರುತ್ತೆ, ಆದರೆ ಮಾತಾಡಿದ್ದು ಯಾರು ಅಂತಲೇ ಗೊತ್ತಾಗಲ್ಲ. "ಹಣವನ್ನು ಖಾತೆಗೆ ಜಮಾ ಮಾಡಿ" ಅಂತ ನೇರವಾಗಿ ಬರೆದರೆ ಅದೇ ಗಟ್ಟಿಯಾಗಿ ಕೇಳಿಸುತ್ತೆ. ನನ್ನ "ಪೂಜ್ಯರೇ"ಯನ್ನು ವಾಪಸ್ ತಗೊಂಡೆ, ಆಯ್ತಾ? ಆದರೆ "ತಮ್ಮ" ಬೇಕು. "ನಿಮ್ಮ" ಒರಟು.

ಹಳೇಕೌಂಟರ್

"ನಿಮ್ಮ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ ಸ್ವಾಮಿ. "ತಮ್ಮ" ಹಾಕಿದರೂ ತೊಂದರೆ ಇಲ್ಲ. ಒಂದು ಹಿಡಿದರೆ ಕೊನೆವರೆಗೂ ಅದನ್ನೇ ಬಳಸಿ, ಅಷ್ಟೇ. "ದಯವಿಟ್ಟು" ಮಾತ್ರ ಒಂದು ಸಲ ಸಾಕು. ಪ್ರತಿ ಸಾಲಿಗೂ ಹಾಕಿದರೆ ಹಣ ನಿಮ್ಮದಲ್ಲ, ಅವರದು ಅನ್ನಿಸುತ್ತದೆ.

ನೇರನುಡಿ

ಎಲ್ಲ ತೆಗೆದರೆ ಉಳಿಯೋದೇನು? ಭಯ ಇಲ್ಲದಿದ್ದರೆ ಯಾರು ಕೆಲಸ ಮಾಡ್ತಾರೆ? ಕನಿಷ್ಠ "ಪರಿಣಾಮಗಳಿಗೆ ತಾವೇ ಹೊಣೆ" ಅನ್ನೋದಾದರೂ ಇರಲಿ.

ಹಳೇಕೌಂಟರ್

ಆ ಸಾಲು ಓದಿ ಭಯಪಟ್ಟವರನ್ನು ನಾನು ಕಂಡಿಲ್ಲ. ಯಾವ ಪರಿಣಾಮ, ಯಾವಾಗ ಅಂತ ಅದರಲ್ಲಿ ಇಲ್ಲವಲ್ಲ. ತಾರೀಕು ಇದ್ದರೆ ಮಾತು ಬೇರೆ. "18ರೊಳಗೆ ಉತ್ತರ ಬರದಿದ್ದರೆ ನಿಮ್ಮ ದೂರು ಪರಿಹಾರ ಅಧಿಕಾರಿಗೆ ಬರೆಯುತ್ತೇನೆ" ಅಂದರೆ 18 ಎಂಬುದು ನಮ್ಮ ಕ್ಯಾಲೆಂಡರಿಗೆ ಬರುತ್ತದೆ. ಮೇಲಿನ ಅಧಿಕಾರಿಗೆ ಹೋಗುವ ದೂರಿನಲ್ಲಿ ಕೆಳಗಿನವರ ಹೆಸರು ಕಾಣುತ್ತದೆ. ಅದಕ್ಕೆ ಹೆದರುತ್ತಾರೆ.

ಸೀಲು ಹಾಕಿಸಿಕೊಳ್ಳುವ ನಿಮ್ಮ ಮಾತು ಮಾತ್ರ ನೂರಕ್ಕೆ ನೂರು ಸರಿ. ಇಮೇಲ್ ಆದರೆ ದೂರಿನ ಸಂಖ್ಯೆ ಬಂದೇ ಬರಬೇಕು. ಆದರೆ ಊರಿಗೆಲ್ಲ ಪ್ರತಿ ಕಳಿಸುವುದು ಬೇಡ. ಹತ್ತು ಜನರಿಗೆ ಹೋದ ಪತ್ರವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ಹತ್ತೂ ಜನ ಸುಮ್ನೆ ಇರುತ್ತಾರೆ.

ಗುಂಡುಸೂಜಿ

ಪತ್ರ ಯಾರಿಗೆ ಹೋಗಬೇಕು? ಯಂತ್ರ ಆ ಬ್ಯಾಂಕಿನದು ಅಂದಮೇಲೆ ಅವರಿಗೇ ಬರೆಯಬೇಕಲ್ವಾ?

ಹಳೇಕೌಂಟರ್

ಕಾರ್ಡ್ ಕೊಟ್ಟ ಬ್ಯಾಂಕಿಗೆ. ಯಂತ್ರದ ಬ್ಯಾಂಕಿಗೆ ನೀವು ಗ್ರಾಹಕರಲ್ಲ. ಅಲ್ಲಿ ಹೋದರೆ "ನಿಮ್ಮ ಬ್ಯಾಂಕಿಗೆ ಹೋಗಿ" ಅಂತಾರೆ. ಶಾಖೆಯವರು "ಯಂತ್ರದ ಬ್ಯಾಂಕಿಗೆ ಹೋಗಿ" ಅಂದರೂ ಜಗ್ಗಬೇಡಿ. ದಾಖಲೆ ತರಿಸುವ ದಾರಿ ಎರಡು ಬ್ಯಾಂಕುಗಳ ನಡುವೆಯೇ ಇದೆ.

ಇನ್ನು ಪೂರ್ತಿ ಪತ್ರ. ನಿಮ್ಮ ಮಾತನ್ನೇ ಇಟ್ಟುಕೊಂಡು ಬರೆದಿದ್ದೇನೆ:

> ವಿಷಯ: ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತ. ಮುಚ್ಚಿರುವ ದೂರನ್ನು ಮತ್ತೆ ತೆರೆಯುವ ಬಗ್ಗೆ. ದೂರು ಸಂಖ್ಯೆ: ____
>
> ಮಾನ್ಯರೇ,
>
> ಮಾರ್ಚ್ 3ರಂದು ಸಂಜೆ 7.42ಕ್ಕೆ ಯಂತ್ರ ಸಂಖ್ಯೆ ____ ರಲ್ಲಿ ಹತ್ತು ಸಾವಿರ ತೆಗೆಯಲು ಪ್ರಯತ್ನಿಸಿದೆ. ನೋಟು ಎಣಿಸುವ ಸದ್ದು ಕೇಳಿಸಿತು. ನೋಟು ಬರುವ ಬಾಗಿಲು ತೆರೆಯಲಿಲ್ಲ, ಚೀಟಿಯೂ ಬರಲಿಲ್ಲ. ಅದೇ ಸಮಯಕ್ಕೆ ಖಾತೆಯಿಂದ ಪೂರ್ತಿ ಮೊತ್ತ ಕಡಿತವಾಗಿದೆ. ನನ್ನ ನಂತರ ಬಂದವರಿಗೆ ಹಣ ದೊರೆಯಿತು. ನಾನು ಅಲ್ಲಿಂದ ಹೊರಡುವವರೆಗೂ ನನ್ನ ಹಣ ಹೊರಗೆ ಬಂದಿಲ್ಲ.
>
> ಈ ಬಗ್ಗೆ ಕೊಟ್ಟ ದೂರಿಗೆ "ವ್ಯವಹಾರ ಯಶಸ್ವಿ" ಎಂಬ ಉತ್ತರ ಬಂದಿದೆ. ಯಾವ ದಾಖಲೆ ನೋಡಿ ಈ ತೀರ್ಮಾನಕ್ಕೆ ಬಂದಿರಿ ಎಂಬುದು ಉತ್ತರದಲ್ಲಿ ಇಲ್ಲ. ಆದ್ದರಿಂದ ಈ ಉತ್ತರವನ್ನು ನಾನು ಒಪ್ಪುವುದಿಲ್ಲ.
>
> ದಯವಿಟ್ಟು ದೂರನ್ನು ಮತ್ತೆ ತೆರೆದು, ಯಂತ್ರದ ಬ್ಯಾಂಕಿನಿಂದ ಆ ವ್ಯವಹಾರದ ಜರ್ನಲ್ ಲಾಗ್, ಆ ಅವಧಿಯ ನಗದು ತಾಳೆ ವರದಿ ಮತ್ತು ತಿರಸ್ಕೃತ ನೋಟುಗಳ ಪೆಟ್ಟಿಗೆಯ ಲೆಕ್ಕ ತರಿಸಿ ನೋಡಿ. ಸಂಜೆ 7.35ರಿಂದ 8.00ರವರೆಗಿನ ಕ್ಯಾಮೆರಾ ದೃಶ್ಯ ಅಳಿಸಿಹೋಗದಂತೆ ಉಳಿಸಿಡಲು ಅವರಿಗೆ ಇಂದೇ ತಿಳಿಸಿ.
>
> ಹಣ ಹೊರಗೆ ಬಂದಿದೆ ಎಂದು ಈ ದಾಖಲೆಗಳು ತೋರಿಸದಿದ್ದರೆ ಮೊತ್ತವನ್ನು ಖಾತೆಗೆ ಜಮಾ ಮಾಡಿ. ತೋರಿಸುತ್ತವೆ ಎಂಬುದು ನಿಮ್ಮ ನಿಲುವಾದರೆ ಅವುಗಳ ಪ್ರತಿ ಕೊಡಿ.
>
> ಈ ತಿಂಗಳ 18ರೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಬರದಿದ್ದರೆ ನಿಮ್ಮ ದೂರು ಪರಿಹಾರ ಅಧಿಕಾರಿಗೆ ಬರೆಯುತ್ತೇನೆ. ಶಾಖೆಯ ಸಿಬ್ಬಂದಿ ನನ್ನ ಮಾತನ್ನು ತಾಳ್ಮೆಯಿಂದ ಕೇಳಿದ್ದಾರೆ. ನನ್ನ ತಕರಾರು ಅವರ ಬಗ್ಗೆ ಅಲ್ಲ, ದೂರು ಮುಚ್ಚಿದ ರೀತಿಯ ಬಗ್ಗೆ.

ಸಂಜೆಮಲ್ಲಿಗೆ

ಸರ್, ಏನು ಹೇಳಲಿ. ನನ್ನದಕ್ಕಿಂತ ಉದ್ದ ಇದೆ, ಆದರೂ ಓದಲು ಹಗುರ. ಆ ಕೊನೆಯ ಎರಡು ಸಾಲು ಮಾತ್ರ ನನಗೆ ಬೇಡ. ಶಾಖೆಯವರು ತಾಳ್ಮೆಯಿಂದ ಕೇಳಲಿಲ್ಲ. ಮೊಬೈಲ್ ನೋಡುತ್ತಾ "ಕಾಯಿರಿ" ಅಂದರು.

ಹಳೇಕೌಂಟರ್

ಹಾಗಿದ್ದರೆ ತೆಗೆದುಬಿಡಿ. ಇಲ್ಲದ್ದನ್ನು ಹೊಗಳುವುದು ಬೇಡ.

ಪದಬಂಧ

"ಒಪ್ಪುವುದಿಲ್ಲ" ಅನ್ನೋದು ಸ್ವಲ್ಪ ಗಡುಸಾಯ್ತಲ್ವಾ? "ಒಪ್ಪಲು ಕಷ್ಟವಾಗುತ್ತಿದೆ" ಅಂದರೆ?

ಹಳೇಕೌಂಟರ್

ಬೇಡ. ಪತ್ರದಲ್ಲಿ ಗಡುಸಾಗಿ ಇರಬೇಕಾದ ಜಾಗ ಅದೊಂದೇ. "ಕಷ್ಟವಾಗುತ್ತಿದೆ" ಅಂದರೆ ಅರ್ಧ ಒಪ್ಪಿದ ಹಾಗೆ. ಗ್ರಾಹಕರು ಉತ್ತರ ತಿರಸ್ಕರಿಸಿದ್ದಾರೆ ಅಂತ ಕಡತದಲ್ಲಿ ಸ್ಪಷ್ಟವಾಗಿ ಇರಬೇಕು. ಇಲ್ಲದಿದ್ದರೆ ಮುಂದೆ "ಅವರು ಸುಮ್ಮನಾದರು" ಅಂತ ಬರೆಯುತ್ತಾರೆ.

ನೇರನುಡಿ

ಅದು ನನಗೂ ಇಷ್ಟ ಆಯ್ತು. ಆದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಒಂಬುಡ್ಸ್‌ಮನ್ ಹೆಸರು ಈ ಪತ್ರದಲ್ಲೇ ಹಾಕಿ ಅಂತ ನಾನು ಹೇಳ್ತೀನಿ. ನಮ್ಮ ಭಾವನ ಕೇಸಿನಲ್ಲಿ ಆ ಪದ ನೋಡಿದ ಮೇಲೆಯೇ ಫೋನ್ ಬಂದದ್ದು.

ಹಳೇಕೌಂಟರ್

ಇರಬಹುದು. ನನ್ನ ಅಭಿಪ್ರಾಯ ಬೇರೆ. ಬ್ಯಾಂಕಿನೊಳಗಿನ ಹಂತ ಮುಗಿಯದೆ ಅವರು ಸಾಮಾನ್ಯವಾಗಿ ದೂರು ತಗೊಳ್ಳುವುದಿಲ್ಲ ಅನ್ನುವುದು ಬ್ಯಾಂಕಿನವರಿಗೂ ಗೊತ್ತು. ಈಗಲೇ ಹೆಸರು ಹೇಳಿದರೆ ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ. ನಿಮ್ಮ ಭಾವನವರದು ಮೊದಲ ಪತ್ರವೋ, ಕೊನೆಯದೋ?

ನೇರನುಡಿ

ಅದು ಕೇಳಬೇಕು.

ಕಾಡುಹಕ್ಕಿ

ನಾನೊಂದು ಸೇರಿಸಲೇ? ಕಾರ್ಡ್ ಸಂಖ್ಯೆ ಪೂರ್ತಿ ಬರೆಯಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಈ ಪತ್ರವನ್ನು ಬ್ಯಾಂಕಿನ ಸಾಮಾಜಿಕ ಜಾಲತಾಣದ ಪುಟದಲ್ಲಿ ಹಾಕಲೂಬೇಡಿ. ನಾನು ಹಾಕಿದ್ದೆ. ಅರ್ಧ ಗಂಟೆಯೊಳಗೆ "ನಾವು ಬ್ಯಾಂಕಿನವರು, ಒಟಿಪಿ ಹೇಳಿ, ಹಣ ವಾಪಸ್ ಹಾಕ್ತೀವಿ" ಅಂತ ಫೋನ್. ಆ ಪುಟಗಳನ್ನೇ ಕಾಯ್ತಾ ಕೂತಿರ್ತಾರೆ.

ಸಂಜೆಮಲ್ಲಿಗೆ

ಹೊಸ ಸುದ್ದಿ. ಪತ್ರ ಕೊಟ್ಟು ಸೀಲು ಹಾಕಿಸಿಕೊಂಡೆ. ಕೌಂಟರಿನವರು ಓದಿ "ಇದನ್ನು ಒಳಗೆ ಕೊಡಬೇಕು" ಅಂತ ಎದ್ದು ಹೋದರು. ದೂರು ಮತ್ತೆ ತೆರೆದಿದ್ದಾರೆ, ಹೊಸ ಸಂಖ್ಯೆ ಬಂದಿದೆ. ಹಣ ಇನ್ನೂ ಬಂದಿಲ್ಲ. ನಿನ್ನೆ ಫೋನ್ ಮಾಡಿ "ಲಾಗ್ ಕೇಳಿದ್ದೇವೆ. ಕ್ಯಾಮೆರಾ ದೃಶ್ಯವನ್ನು ಆ ಬ್ಯಾಂಕು ಪೊಲೀಸರಿಗೆ ಮಾತ್ರ ಕೊಡುತ್ತದಂತೆ, ಗ್ರಾಹಕರಿಗೆ ತೋರಿಸುವುದಿಲ್ಲವಂತೆ" ಅಂದರು. ಈಗ ಏನು ಬರೆಯಲಿ?

ನೇರನುಡಿ

ನೋಡಿದ್ರಾ? ನಾನು ಮೊದಲೇ ಹೇಳಿದ್ದೆ, ಪೊಲೀಸರಿಗೆ ಒಂದು ಪ್ರತಿ ಕಳಿಸಿ ಅಂತ.

ಹಳೇಕೌಂಟರ್

ಪೊಲೀಸ್ ದೂರು ಕೊಡುವುದು ನಿಮ್ಮ ಇಷ್ಟ, ತಪ್ಪೇನಿಲ್ಲ. ಆದರೆ ದೃಶ್ಯದಲ್ಲಿ ಬೇರೆ ಗ್ರಾಹಕರೂ ಇರುತ್ತಾರೆ. ಹಾಗಾಗಿ ಅವರು ಕೊಡಲು ಹಿಂಜರಿಯುವುದು ಸಹಜ. ಅದಕ್ಕೆ ಜಗಳ ಬೇಡ. ಫೋನಿನಲ್ಲಿ ಹೇಳಿದ್ದನ್ನು ಇವತ್ತೇ ಇಮೇಲ್‌ನಲ್ಲಿ ಬರೆದು ಕಳಿಸಿ:

> ಇಂದು ಫೋನಿನಲ್ಲಿ ತಿಳಿಸಿದಂತೆ ಕ್ಯಾಮೆರಾ ದೃಶ್ಯವನ್ನು ನನಗೆ ಕೊಡಲಾಗದು ಎಂಬುದು ಅರ್ಥವಾಯಿತು. ಹಾಗಾದರೆ ಆ ಬ್ಯಾಂಕಿನವರೇ ಅದನ್ನು ನೋಡಿ, 7.42ರ ಹೊತ್ತಿಗೆ ನಾನು ಯಂತ್ರದಿಂದ ನೋಟು ತೆಗೆದುಕೊಂಡದ್ದು ಕಾಣುತ್ತದೆಯೇ ಇಲ್ಲವೇ ಎಂದು ಬರೆದುಕೊಡಲಿ. ಆ ಉತ್ತರ ನನಗೆ ಬರುವವರೆಗೂ ದೃಶ್ಯವನ್ನು ಉಳಿಸಿಡಲು ತಿಳಿಸಿ.

"ಇಂದು" ಬದಲು ನಿನ್ನೆಯ ತಾರೀಕು ಹಾಕಿ. ಫೋನ್ ಮಾಡಿದವರ ಹೆಸರು ಕೇಳಿಕೊಂಡಿದ್ದೀರಾ?

ಸಂಜೆಮಲ್ಲಿಗೆ

ಕೇಳಿಕೊಂಡಿದ್ದೇನೆ. ಈಗಲೇ ಕಳಿಸ್ತೀನಿ ಸರ್.

ಗುಂಡುಸೂಜಿ

18ನೇ ತಾರೀಕು ಹಾಗೇ ಇರುತ್ತಾ? ಅವರು ಮತ್ತೆ ತೆರೆದಿದ್ದಾರಲ್ಲ, ಅವರಿಗೆ ಇನ್ನಷ್ಟು ದಿನ ಕೊಡಬೇಕೇನೋ.

ಹಳೇಕೌಂಟರ್

ಅವರು ಬರೆದು ಕೇಳಿದರೆ ಕೊಡಿ. ಕೇಳದೆ ಕೊಡಬೇಡಿ.